ಡಾಂಬರು ರಸ್ತೆಯಲ್ಲೇ ಹೆಚ್ಚು ಓಡುವ ಪಿಕಪ್‌ಗೆ ಯಾವ ಟೈರ್ ಹಾಕಿಸಬೇಕು?

ಕಾಫಿ ತೋಟ, ಅಡಿಕೆ ತೋಟ ಇರುವವರಿಂದ, ಹಳ್ಳಿಯ ಮನೆಗೂ ಪಟ್ಟಣದ ಅಂಗಡಿಗೂ ನಡುವೆ ಓಡಾಡುವವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಗಾಡಿ ಇಸುಜು ವಿ-ಕ್ರಾಸ್. ಕಂಪನಿಯ ಟೈರ್ ಸವೆದಿದೆ. ಓಡಾಟವೆಲ್ಲ ಹೆಚ್ಚುಕಡಿಮೆ ಡಾಂಬರಿನಲ್ಲೇ. ಆದರೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜಾರುತ್ತದೆ. ಅಂಗಡಿಯವರು ಮಡ್ ಟೈರ್ ಹಾಕಿಸಿ ಎನ್ನುತ್ತಾರೆ, ಸ್ನೇಹಿತರು ಆಲ್ ಟೆರೇನ್ ಎನ್ನುತ್ತಾರೆ. ಏನು ಮಾಡಲಿ?" ಹೈಲಕ್ಸ್ ಇಟ್ಟುಕೊಂಡವರು ಕೇಳುವುದೂ ಇದನ್ನೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಡಾಂಬರಿನಲ್ಲೇ ಹೆಚ್ಚು ಓಡುವ ಗಾಡಿಗೆ ಮಡ್ ಟೈರ್ ಬೇಡ. ಉಳಿದ ಎರಡರಲ್ಲಿ, ಅಂದರೆ ಹೈವೇ ಟೈರ್ ಮತ್ತು ಆಲ್ ಟೆರೇನ್‌ಗಳಲ್ಲಿ, ಯಾವುದು ಎಂಬುದನ್ನು ನಿಮ್ಮ ದಾರಿಯ ಅತಿ ಕೆಟ್ಟ ತುಂಡು ಎಂಥದ್ದು, ಆ ತುಂಡನ್ನು ವರ್ಷದಲ್ಲಿ ಎಷ್ಟು ದಿನ ದಾಟಲೇಬೇಕು ಎಂಬುದು ತೀರ್ಮಾನಿಸುತ್ತದೆ. ಅದನ್ನು ಲೆಕ್ಕ ಹಾಕುವುದು ಹೇಗೆ, ಅಂಗಡಿಯಲ್ಲಿ ಏನು ನೋಡಬೇಕು, ಹಾಕಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಮೂರು ಬಗೆಗಳ ಪರಿಚಯ

ನೆಲಕ್ಕೆ ತಾಗುವ ರಬ್ಬರಿನ ಅಚ್ಚಿಗೆ ಟ್ರೆಡ್ ಎನ್ನುತ್ತಾರೆ. ಮೂರು ಬಗೆಯ ಟೈರ್‌ಗಳ ನಡುವಿನ ವ್ಯತ್ಯಾಸದಲ್ಲಿ ಹೆಚ್ಚಿನದು ಈ ಅಚ್ಚಿನಲ್ಲೇ ಇದೆ.

ಹೈವೇ ಟೈರ್, ಅಂದರೆ ಎಚ್/ಟಿ. ಇದರಲ್ಲಿ ಟೈರಿನ ಸುತ್ತ ಉದ್ದಕ್ಕೂ ಹರಿಯುವ ರಬ್ಬರ್ ಪಟ್ಟಿಗಳು, ಅವುಗಳ ನಡುವೆ ನೀರು ಹೊರಹೋಗಲು ನೇರವಾದ ಕಾಲುವೆಗಳು ಇರುತ್ತವೆ. ಹೊಸದರಲ್ಲಿ ಟ್ರೆಡ್ ಆಳ ಸುಮಾರು 8ರಿಂದ 9 ಮಿ.ಮೀ. ಹೆಚ್ಚಿನ ಪಿಕಪ್‌ಗಳು ಷೋರೂಮಿನಿಂದ ಹೊರಬರುವುದು ಇದೇ ಬಗೆಯ ಟೈರ್‌ಗಳ ಮೇಲೆ.

ಆಲ್ ಟೆರೇನ್ ಟೈರ್, ಅಂದರೆ ಎ/ಟಿ. ಇಲ್ಲಿ ಪಟ್ಟಿಗಳು ತುಂಡಾಗಿ ಬಿಡಿ ಬ್ಲಾಕ್‌ಗಳಾಗಿರುತ್ತವೆ. ಅಂಚಿನಲ್ಲಿ, ಅಂದರೆ ಟೈರಿನ ಭುಜದಲ್ಲಿ, ಸಂದುಗಳು ಅಗಲವಾಗಿರುತ್ತವೆ. ಆಳ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಜಲ್ಲಿ, ಕಲ್ಲು, ಗಟ್ಟಿ ಮಣ್ಣಿನ ದಾರಿಗಳಲ್ಲಿ ಇದರ ಹಿಡಿತ ಚೆನ್ನಾಗಿರುತ್ತದೆ. ಕಲ್ಲಿನ ಅಂಚಿಗೆ ಸಿಕ್ಕರೂ ಬೇಗ ಹರಿಯುವುದಿಲ್ಲ.

ಮಡ್ ಟೈರ್, ಅಂದರೆ ಎಂ/ಟಿ. ದೊಡ್ಡ ದೊಡ್ಡ ಬ್ಲಾಕ್‌ಗಳು, ಅವುಗಳ ನಡುವೆ ಬೆರಳು ಮುಳುಗುವಷ್ಟು ಖಾಲಿ ಜಾಗ. ಚಕ್ರ ವೇಗವಾಗಿ ತಿರುಗಿದಾಗ ಸಂದಿಯಲ್ಲಿ ಸಿಕ್ಕಿದ ಕೆಸರು ಸಿಡಿದು ಹೊರಗೆ ಹೋಗಿ, ಮುಂದಿನ ಸುತ್ತಿಗೆ ಅಂಚುಗಳು ಮತ್ತೆ ಹರಿತವಾಗಿ ಸಿಗಲಿ ಎಂಬುದೇ ಇದರ ಉದ್ದೇಶ. ಎಚ್/ಟಿ ಕೆಸರಿಗೆ ಇಳಿದಾಗ ಸೋಲುವುದೂ ಇದೇ ಕಾರಣಕ್ಕೆ. ಅದರ ಕಿರಿದಾದ ಕಾಲುವೆಗಳು ಅರ್ಧ ಸುತ್ತಿನಲ್ಲೇ ಮಣ್ಣಿನಿಂದ ತುಂಬಿಕೊಂಡು ಟೈರ್ ನುಣ್ಣಗಾಗುತ್ತದೆ.

ಇನ್ನೊಂದು ಪದ ನೆನಪಿರಲಿ: ಸೈಪ್. ಬ್ಲಾಕ್‌ನ ಮೇಲೆ ಬ್ಲೇಡಿನಿಂದ ಗೀರಿದಂತೆ ಕಾಣುವ ತೆಳುವಾದ ಸೀಳುಗಳಿಗೆ ಈ ಹೆಸರು. ಒದ್ದೆ ರಸ್ತೆಯಲ್ಲಿ ನೀರಿನ ತೆಳು ಪದರವನ್ನು ಕತ್ತರಿಸಿ ರಬ್ಬರನ್ನು ರಸ್ತೆಗೆ ತಾಗಿಸುವ ಕೆಲಸ ಈ ಸೀಳುಗಳದ್ದು. ಎಚ್/ಟಿಯಲ್ಲಿ ಇವು ಧಾರಾಳವಾಗಿರುತ್ತವೆ, ಒಳ್ಳೆಯ ಎ/ಟಿಯಲ್ಲಿಯೂ ಇರುತ್ತವೆ. ಎಂ/ಟಿಯಲ್ಲಿ ಬಹಳ ಕಡಿಮೆ.

ಹಂತ 1: ನಿಮ್ಮ ಓಡಾಟವನ್ನು ಬರೆದುಕೊಳ್ಳಿ

ಅಂದಾಜಿನಲ್ಲಿ "ಅರ್ಧ ಡಾಂಬರು, ಅರ್ಧ ಮಣ್ಣು" ಎನ್ನುವವರು ಬಹಳ. ಬರೆದು ನೋಡಿದಾಗ ಆ ಅರ್ಧ ಬಹುಮಟ್ಟಿಗೆ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ತೋಟದ ದಾರಿಯಲ್ಲಿ ಒಂದು ಕಿಲೋಮೀಟರ್ ಹೋಗಲು ಹತ್ತು ನಿಮಿಷ ಬೇಕು. ಡಾಂಬರಿನಲ್ಲಿ ಅಷ್ಟೇ ಹೊತ್ತಿಗೆ ಹತ್ತು ಕಿಲೋಮೀಟರ್ ದಾಟಿರುತ್ತೇವೆ. ಮನಸ್ಸು ಕಳೆದ ಹೊತ್ತನ್ನು ಲೆಕ್ಕ ಇಡುತ್ತದೆ, ಟೈರ್ ಸವೆಯುವುದು ಕಿಲೋಮೀಟರಿಗೆ.

ಒಂದು ತಿಂಗಳು ಡ್ಯಾಷ್‌ಬೋರ್ಡಿನ ಟ್ರಿಪ್ ಮೀಟರ್ ನೋಡಿ ಎರಡೇ ಕಲಮುಗಳಲ್ಲಿ ಬರೆಯಿರಿ. ಒಂದರಲ್ಲಿ ಡಾಂಬರು ಮತ್ತು ಕಾಂಕ್ರೀಟ್, ಇನ್ನೊಂದರಲ್ಲಿ ಉಳಿದದ್ದೆಲ್ಲ. ಗುಂಡಿ ಬಿದ್ದ ಡಾಂಬರು ಮೊದಲ ಕಲಮಿಗೇ ಸೇರಬೇಕು. ಗುಂಡಿಗೆ ಬೇಕಾದದ್ದು ಸರಿಯಾದ ಗಾಳಿ ಮತ್ತು ನಿಧಾನ, ಕೆಸರಿನ ಟೈರ್ ಅಲ್ಲ.

ಹಂತ 2: ಕೆಟ್ಟ ತುಂಡಿನ ಗುಣ ಗುರುತಿಸಿ

ಇಲ್ಲಿ ಕಿಲೋಮೀಟರ್ ಲೆಕ್ಕ ಸಾಲದು. ಇಡೀ ತಿಂಗಳಲ್ಲಿ ಐವತ್ತು ಮೀಟರ್ ಏರಿನಲ್ಲಿ ಮಾತ್ರ ಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ ಎನ್ನಿ. ಆ ಐವತ್ತು ಮೀಟರ್ ದಾಟದಿದ್ದರೆ ಮನೆ ಸೇರುವಂತಿಲ್ಲ. ಹಾಗಾಗಿ ಆ ತುಂಡಿನ ಬಳಿಗೆ ನಡೆದುಹೋಗಿ, ಮಳೆ ಬಂದ ಮರುದಿನ ನಿಂತು ನೋಡಿ.

ಕಾಲಿನ ಕೆಳಗೆ ಜಲ್ಲಿ ಅಥವಾ ಜಂಬಿಟ್ಟಿಗೆ ಸಿಕ್ಕುತ್ತಿದ್ದರೆ, ಮೇಲೆ ತೆಳುವಾದ ರಾಡಿ ಮಾತ್ರ ಇದ್ದರೆ, ಎ/ಟಿಯ ಬ್ಲಾಕ್‌ಗಳ ಅಂಚು ಆ ರಾಡಿಯನ್ನು ಕತ್ತರಿಸಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಮಲೆನಾಡಿನ ಹೆಚ್ಚಿನ ತೋಟದ ದಾರಿಗಳು ಈ ಬಗೆಯವು. ಏರು ಸಣ್ಣದಾಗಿದ್ದರೆ ಎಚ್/ಟಿಯಲ್ಲೇ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ದಾಟಬಹುದು.

ಹೆಜ್ಜೆ ಇಟ್ಟರೆ ಪಾದ ಹೂತುಹೋಗಿ ಚಪ್ಪಲಿಗೆ ಮಣ್ಣು ಅಂಟಿಕೊಂಡು ಬರುತ್ತಿದ್ದರೆ ಅದು ಬೇರೆ ಕಥೆ. ಗದ್ದೆಯಂಚಿನ ಜೇಡಿಯಲ್ಲಿ ಎ/ಟಿ ಸ್ವಲ್ಪ ದೂರ ಹೋಗಿ ತಾನೂ ತುಂಬಿಕೊಳ್ಳುತ್ತದೆ. ಬಯಲುಸೀಮೆಯ ಎರೆಮಣ್ಣಂತೂ ಮಳೆ ಬಿದ್ದ ಮೇಲೆ ಎಂ/ಟಿಯನ್ನೂ ಸುತ್ತಿಕೊಂಡು ನಿಲ್ಲಿಸಬಲ್ಲದು. ಅಲ್ಲಿ ಟೈರ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರ ಮಾತು ನಂಬಬೇಡಿ. ಒಂದೆರಡು ದಿನ ನೆಲ ಆರುವವರೆಗೆ ಕಾಯುವುದೇ ಆ ಊರುಗಳ ಹಳೆಯ ಪದ್ಧತಿ, ಅದಕ್ಕೆ ಕಾರಣವಿದೆ.

ಹಸಿ ಹುಲ್ಲು ಬೆಳೆದ ಇಳಿಜಾರು, ಪಾಚಿ ಕಟ್ಟಿದ ಕಾಂಕ್ರೀಟ್, ಇವೆರಡನ್ನೂ ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. ಪಾಚಿಯ ಮೇಲೆ ಎಂ/ಟಿಯ ದೊಡ್ಡ ಬ್ಲಾಕ್‌ಗಳಿಂದ ಲಾಭವಿಲ್ಲ. ಅಲ್ಲಿ ಉಜ್ಜಿ ತೊಳೆದ ನೆಲವೇ ಮದ್ದು.

ಹಂತ 3: ಟೈರ್ ಬದಲಿಸದೆ ಆ ತುಂಡು ದಾಟಬಹುದೇ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ದಾರಿಯಲ್ಲಿ ಜಾರುವುದು ಮೂವತ್ತು ನಲವತ್ತು ಮೀಟರ್ ಮಾತ್ರ, ಅದೂ ನಿಮ್ಮದೇ ಜಾಗದಲ್ಲಿ ಎಂದಾದರೆ, ಪಕ್ಕದಲ್ಲಿ ಚರಂಡಿ ಬಿಡಿಸಿ ಚಕ್ರ ಹೋಗುವ ಎರಡು ಜಾಡುಗಳಿಗೆ ಒಂದು ಲೋಡ್ ದಪ್ಪ ಜಲ್ಲಿ ಹಾಕಿಸಿ. ನಾಲ್ಕು ಎಂ/ಟಿ ಟೈರ್‌ಗಳ ಬೆಲೆಯ ಮುಂದೆ ಇದು ಅಗ್ಗ. ಬೈಕಿನಲ್ಲಿ ಬರುವ ಕೆಲಸದವರಿಗೂ, ಬಾಡಿಗೆ ಜೀಪಿಗೂ ದಾರಿ ಸಿಕ್ಕಂತಾಗುತ್ತದೆ.

ಎರಡನೆಯದು ಗಾಳಿ. ಮಾಮೂಲು 33-35 ಪಿಎಸ್‌ಐ ಇರುವ ಟೈರ್‌ನಲ್ಲಿ ಮೆದು ನೆಲದ ಮೇಲೆ 22-25ಕ್ಕೆ ಇಳಿಸಿದರೆ ಟೈರ್ ಉದ್ದಕ್ಕೆ ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಭಾರ ಹೇರಿರುವಾಗ ಇದನ್ನು ಮಾಡಬಾರದು. ಗಾಳಿ ಇಳಿಸಿದ ಮೇಲೆ ಗಂಟೆಗೆ 30 ಕಿ.ಮೀ. ಮೀರಬೇಡಿ, ಸ್ಟೀರಿಂಗನ್ನು ಥಟ್ಟನೆ ತಿರುಗಿಸಬೇಡಿ. ಡಾಂಬರಿಗೆ ಬರುವ ಮೊದಲು ಗಾಳಿ ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ಹೆದ್ದಾರಿಗೆ ಇಳಿದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಒಡೆಯುತ್ತದೆ. ಗಾಡಿಯ 12 ವೋಲ್ಟ್ ಸಾಕೆಟ್‌ಗೆ ಅಥವಾ ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಕಂಪ್ರೆಸರ್ ಜೊತೆಯಲ್ಲಿ ಇಲ್ಲದವರು ಈ ಉಪಾಯಕ್ಕೆ ಕೈಹಾಕಬೇಡಿ.

ಮೂರನೆಯದು ಹಿಂದಿನ ತೊಟ್ಟಿ. ಖಾಲಿ ಪಿಕಪ್‌ನ ಹಿಂದಿನ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ. ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳು ಏರಿನಲ್ಲಿ ಸುಮ್ಮನೆ ಚಕ್ರ ತಿರುಗಿಸುತ್ತಾ ನಿಲ್ಲುವುದು ಇದರಿಂದ. ಮಳೆಗಾಲದಲ್ಲಿ ಹಿಂದಿನ ಆಕ್ಸಲ್‌ನ ನೇರಕ್ಕೆ ಎರಡು ಮೂರು ಮರಳಿನ ಮೂಟೆಗಳನ್ನು ಅಲುಗದಂತೆ ಕಟ್ಟಿಟ್ಟರೆ ಆಗುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಈ ಮೂರನ್ನೂ ಮಾಡಿದ ಮೇಲೆ ದಾರಿ ಸಲೀಸಾದರೆ ಎಚ್/ಟಿ ಹಾಕಿಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಂತ 4: ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕುವ ಗಳಿಗೆಯನ್ನು ಎದುರಿಗಿಟ್ಟುಕೊಳ್ಳಿ

ಕೆಸರಿನಲ್ಲಿ ಸಿಕ್ಕಿಕೊಂಡರೆ ಅರ್ಧ ದಿನ ಹೋಗುತ್ತದೆ, ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಮಳೆಯಲ್ಲಿ, ಎದುರಿನ ಬಸ್ ಏಕಾಏಕಿ ನಿಂತಾಗ ಗಾಡಿ ನಿಲ್ಲದಿದ್ದರೆ ಜೀವ ಹೋಗುತ್ತದೆ. ಟೈರ್ ಆಯ್ಕೆಯಲ್ಲಿ ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ಗಟ್ಟಿ ನಿಲುವು.

ಎಂ/ಟಿ ಡಾಂಬರಿನಲ್ಲಿ ಸೋಲುವುದಕ್ಕೆ ಕಾರಣಗಳು ಸರಳ. ಟೈರಿನ ಮುಖದಲ್ಲಿ ಖಾಲಿ ಜಾಗ ಹೆಚ್ಚು, ಆದ್ದರಿಂದ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಇರುವ ಬ್ಲಾಕ್‌ಗಳೂ ಎತ್ತರವಾಗಿ ಬಿಡಿಯಾಗಿ ನಿಂತಿರುವುದರಿಂದ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಬಾಗಿದಾಗ ಬುಡದಿಂದ ಓಲಾಡುತ್ತವೆ. ಸೈಪ್ ಇಲ್ಲದ್ದರಿಂದ ನೀರಿನ ತೆಳು ಪದರ ಹಾಗೇ ಉಳಿಯುತ್ತದೆ. ರಸ್ತೆಯಲ್ಲಿ ನೀರು ಆಳವಾಗಿ ನಿಂತಿದ್ದರೆ ಅಗಲ ಸಂದುಗಳು ಅದನ್ನು ಚೆನ್ನಾಗಿಯೇ ಹೊರಹಾಕುತ್ತವೆ, ಅದನ್ನು ಒಪ್ಪಬೇಕು. ಆದರೆ ಚಾರ್ಮಾಡಿ, ಶಿರಾಡಿಯಂಥ ಘಟ್ಟದ ತಿರುವುಗಳಲ್ಲಿ ನಮಗೆ ಎದುರಾಗುವುದು ಆಳದ ನೀರಲ್ಲ. ಜಿಟಿಜಿಟಿ ಮಳೆಗೆ ಒದ್ದೆಯಾಗಿ, ಲಾರಿಗಳ ಎಣ್ಣೆ ಸೇರಿ ಹೊಳೆಯುವ ನುಣುಪು ಡಾಂಬರು. ಅಲ್ಲಿ ಸಂದುಗಳಿಂದ ಏನೂ ಆಗುವುದಿಲ್ಲ, ರಬ್ಬರ್ ಮತ್ತು ಸೈಪ್ ಬೇಕು.

ಖಾಲಿ ಪಿಕಪ್ ಈ ವಿಷಯದಲ್ಲಿ ಕಾರಿಗಿಂತ ಕೆಟ್ಟದ್ದು. ಹಿಂಬದಿ ಹಗುರ, ಭಾರ ಹೊರಲು ಮಾಡಿದ ಲೀಫ್ ಸ್ಪ್ರಿಂಗ್ ಗಡಸು. ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಬಾಲ ಹೊರಕ್ಕೆ ಎಳೆಯುತ್ತದೆ. ಅದಕ್ಕೆ ಎಂ/ಟಿ ಸೇರಿದರೆ ಸಾಮಾನ್ಯ ಚಾಲಕರ ಕೈಗೆ ಗಾಡಿ ಸಿಗುವುದು ಕಷ್ಟ.

ಸದ್ದು, ಡೀಸೆಲ್, ಬಾಳಿಕೆ ಇವು ಇದರ ನಂತರದ ಮಾತು. ಎಂ/ಟಿಯ ಬ್ಲಾಕ್‌ಗಳ ನಡುವೆ ಸಿಕ್ಕಿದ ಗಾಳಿ ಪ್ರತಿ ಸುತ್ತಿಗೂ ಒತ್ತಿ ಹೊರಬರುವುದರಿಂದ ಗುಂಯ್ ಎಂಬ ಸದ್ದು ಬರುತ್ತದೆ, ಟೈರ್ ಸವೆದಂತೆ ಅದು ಜೋರಾಗುತ್ತದೆ. ಟೈರ್ ಭಾರ ಹೆಚ್ಚು, ಉರುಳುವಾಗಿನ ತಡೆಯೂ ಹೆಚ್ಚು, ಹಾಗಾಗಿ ಡೀಸೆಲ್ ಹೆಚ್ಚು ಬೇಕು. ಬಿಸಿ ಡಾಂಬರಿನಲ್ಲಿ ಎಂ/ಟಿ ಬೇಗ ಸವೆಯುತ್ತದೆ. ಎ/ಟಿಯಲ್ಲಿ ಈ ಮೂರೂ ಕಾಟಗಳು ಇವೆ, ಆದರೆ ಸಹಿಸಿಕೊಳ್ಳುವಷ್ಟು.

ಒಂದು ಉದಾಹರಣೆ: ಮೂಡಿಗೆರೆ ಕಡೆಯ ತೋಟದ ಗಾಡಿ

ಇಷ್ಟನ್ನು ಒಂದು ಗಾಡಿಗೆ ಅನ್ವಯಿಸಿ ನೋಡೋಣ. ಮೂಡಿಗೆರೆ ಸುತ್ತಿನ ಒಬ್ಬ ಬೆಳೆಗಾರರ ನಾಲ್ಕು ಚಕ್ರ ಚಾಲನೆಯ ವಿ-ಕ್ರಾಸ್ ಎಂದುಕೊಳ್ಳಿ. ತಿಂಗಳ ಓಟ 1,500 ಕಿ.ಮೀ. ಹಾಸನಕ್ಕೆ, ಚಿಕ್ಕಮಗಳೂರಿಗೆ, ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿಗೆ. ಮುಖ್ಯ ರಸ್ತೆಯಿಂದ ಮನೆಗೆ ಒಂದು ಕಿ.ಮೀ. ಜಂಬಿಟ್ಟಿಗೆ ಮಣ್ಣಿನ ದಾರಿ. ದಿನಕ್ಕೆ ಒಮ್ಮೆ ಹೋಗಿ ಬಂದರೆ ತಿಂಗಳಿಗೆ 60 ಕಿ.ಮೀ., ಅಂದರೆ ಒಟ್ಟು ಓಟದಲ್ಲಿ ನೂರಕ್ಕೆ ನಾಲ್ಕು.

ಬರೀ ಈ ಅಂಕಿ ನೋಡಿದರೆ ಎಚ್/ಟಿ ಎನ್ನಬೇಕು. ಆದರೆ ಹಂತ 2ರ ಪ್ರಕಾರ ದಾರಿಗೆ ಇಳಿದು ನೋಡಿದಾಗ ಎರಡು ಕಡಿದಾದ ಏರುಗಳಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡರ ಮೇಲೂ ತೆಳು ರಾಡಿ, ಕೆಳಗೆ ಗಟ್ಟಿ ನೆಲ. ಒಂದು ಏರು ಸ್ವಂತ ಜಾಗದಲ್ಲಿದೆ, ಅದಕ್ಕೆ ಜಲ್ಲಿ ಹಾಕಿಸಬಹುದು. ಇನ್ನೊಂದು ನಾಲ್ಕೈದು ಮನೆಯವರಿಗೆ ಸೇರಿದ ದಾರಿ, ಅಲ್ಲಿ ಒಪ್ಪಿಗೆ ಆಗುತ್ತಿಲ್ಲ. ಅದನ್ನು ವರ್ಷದಲ್ಲಿ ನಾಲ್ಕು ತಿಂಗಳು ಪ್ರತಿದಿನ ದಾಟಲೇಬೇಕು. ಅದರ ಜೊತೆಗೆ ಅಂಚು ಚೂಪಾದ ಕಲ್ಲುಗಳಿಂದ ಎಚ್/ಟಿಯ ಪಕ್ಕದ ಗೋಡೆಗೆ ಆಗಾಗ ಪೆಟ್ಟು ಬೀಳುತ್ತಿದೆ.

ಈ ಗಾಡಿಗೆ ನನ್ನ ಸಲಹೆ ಎ/ಟಿ. ಎ/ಟಿಗಳಲ್ಲೂ ಸೈಪ್ ಹೆಚ್ಚಿರುವ, ರಸ್ತೆಯ ಕಡೆಗೆ ವಾಲಿದ ಬಗೆಯದು. ಕಾರಣ, ಕೆಳಗೆ ಗಟ್ಟಿ ನೆಲ ಸಿಗುವುದರಿಂದ ಎ/ಟಿಯ ಅಂಚು ಸಾಕು, ಎಂ/ಟಿ ಹೆಚ್ಚಿಗೆ ಏನೂ ಕೊಡುವುದಿಲ್ಲ. ತಿಂಗಳ ಉಳಿದ 1,440 ಕಿ.ಮೀ. ಮಾತ್ರ ಒದ್ದೆ ಹೆದ್ದಾರಿ ಮತ್ತು ಘಟ್ಟ. ಇದೇ ಬೆಳೆಗಾರರಿಗೆ ಎರಡನೆಯ ಏರಿಗೂ ಜಲ್ಲಿ ಬಿದ್ದು, ಚೂಪು ಕಲ್ಲುಗಳನ್ನು ಹೆಕ್ಕಿ ತೆಗೆದಿದ್ದರೆ ನಾನು ಎಚ್/ಟಿಗೇ ನಿಲ್ಲಿಸುತ್ತಿದ್ದೆ.

ಹಾಗಾದರೆ ಎಂ/ಟಿ ಯಾರಿಗೆ? ವಾರದ ಹೆಚ್ಚು ದಿನ ಕೆಸರಿನಲ್ಲೇ ಕೆಲಸ, ಡಾಂಬರಿಗೆ ಬರುವುದು ಅಪರೂಪ, ಬಂದರೂ ನಿಧಾನ ಎನ್ನುವ ಗಾಡಿಗೆ. ಈ ಲೇಖನ ಓದುತ್ತಿರುವವರಲ್ಲಿ ಅಂಥವರು ಕಡಿಮೆ.

ಹಂತ 5: ಪಕ್ಕದ ಗೋಡೆಯ ಅಂಕಿಗಳನ್ನು ಓದಿ, ಅಳತೆ ಬದಲಿಸಬೇಡಿ

ಟೈರಿನ ಮೇಲೆ 255/60 ಆರ್ 18 112 ಎಚ್ ಎಂದು ಬರೆದಿದ್ದರೆ, ಅಗಲ 255 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 60, ರಿಮ್ 18 ಇಂಚು ಎಂದರ್ಥ. 112 ಎಂಬುದು ಭಾರದ ಸೂಚ್ಯಂಕ, ಒಂದು ಟೈರ್ 1,120 ಕಿಲೋ ಹೊರಬಲ್ಲದು. ಎಚ್ ಎಂಬುದು ವೇಗದ ಮಿತಿ, ಗಂಟೆಗೆ 210 ಕಿ.ಮೀ. ಎ/ಟಿಗಳಲ್ಲಿ ಇದು ಎಸ್ ಅಥವಾ ಟಿ ಇರುವುದು ಸಾಮಾನ್ಯ, ಅಂದರೆ 180 ಅಥವಾ 190. ವೇಗದ ಅಕ್ಷರವನ್ನು ಗಾಡಿಯ ಕೈಪಿಡಿಯ ಜೊತೆ ಹೋಲಿಸಿ ನೋಡಿ. ಭಾರದ ಸೂಚ್ಯಂಕ ಮಾತ್ರ ಯಾವ ಕಾರಣಕ್ಕೂ ಹಳೆಯದಕ್ಕಿಂತ ಕಡಿಮೆ ಆಗಬಾರದು. ಪಿಕಪ್ ಎಂದರೆ ಭಾರ ಹೊರುವ ಗಾಡಿ.

ಅಳತೆ ದೊಡ್ಡದು ಮಾಡಿಸುವ ಆಸೆ ಹಲವರಿಗೆ ಇರುತ್ತದೆ. ಲೆಕ್ಕ ಮಾಡಿ ನೋಡಿ. 255/60 ಆರ್ 18 ಟೈರಿನ ಹೊರ ವ್ಯಾಸ ಸುಮಾರು 763 ಮಿ.ಮೀ. ಅದರ ಬದಲು 265/60 ಆರ್ 18 ಹಾಕಿದರೆ 775, ನೂರಕ್ಕೆ ಒಂದೂವರೆಯಷ್ಟು ಹೆಚ್ಚು, ಅದು ನಡೆಯುತ್ತದೆ. 17 ಇಂಚಿನ ರಿಮ್ಮಿಗೆ 265/70 ಹಾಕಿಸಿದರೆ 803, ನೂರಕ್ಕೆ ಐದರಷ್ಟು ಹೆಚ್ಚು. ಆಗ ಸ್ಪೀಡೋಮೀಟರ್ ಮುಳ್ಳು ಮೊದಲು ಸರಿಯಾಗಿಯೇ 100 ತೋರಿಸುತ್ತಿದ್ದರೆ ಈಗ ಅದೇ 100ರಲ್ಲಿ ಗಾಡಿ ನಿಜಕ್ಕೂ 105ರಲ್ಲಿ ಓಡುತ್ತಿರುತ್ತದೆ. ಗೇರ್ ಮಂದವಾಗುತ್ತದೆ, ಬ್ರೇಕ್‌ಗೆ ಕೆಲಸ ಹೆಚ್ಚುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜಬಹುದು. ತಯಾರಕರು ಒಪ್ಪದ ಬದಲಾವಣೆ ಮಾಡಿದರೆ ವಿಮೆಯ ಸಮಯದಲ್ಲಿ ತಕರಾರು ಬರುವ ಸಾಧ್ಯತೆಯೂ ಇದೆ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಪಟ್ಟಿಯಲ್ಲಿರುವ ಅಳತೆಯಲ್ಲೇ ಎ/ಟಿ ಸಿಗುತ್ತದೆಯೇ ಎಂದು ಮೊದಲು ಹುಡುಕಿ.

ಇಲ್ಲಿ ಎಡವುವ ಇನ್ನೂ ಎರಡು ಜಾಗಗಳಿವೆ. ಮೊದಲನೆಯದು ಎಂ+ಎಸ್ ಎಂಬ ಗುರುತು. ಅದನ್ನು ನೋಡಿ ಮಡ್ ಟೈರ್ ಎಂದುಕೊಳ್ಳುವವರಿದ್ದಾರೆ. ಕೆಸರು ಮತ್ತು ಹಿಮಕ್ಕೆ ಒಗ್ಗುವ ಅಚ್ಚು ಎಂದು ತಯಾರಕರು ಹಾಕಿಕೊಳ್ಳುವ ಗುರುತು ಅದು, ಸಾಮಾನ್ಯ ಹೈವೇ ಟೈರ್‌ಗಳ ಮೇಲೂ ಇರುತ್ತದೆ. ಅದರಿಂದ ಕೆಸರಿನ ಹಿಡಿತ ತಿಳಿಯುವುದಿಲ್ಲ.

ಎರಡನೆಯದು ಎಲ್‌ಟಿ ಅಕ್ಷರಗಳಿಂದ ಶುರುವಾಗುವ ಟೈರ್‌ಗಳು. ಲೈಟ್ ಟ್ರಕ್‌ಗಾಗಿ ಮಾಡಿದ, ಗೋಡೆ ದಪ್ಪವಿರುವ ಟೈರ್‌ಗಳಿವು. ಕಲ್ಲಿಗೆ ಗಟ್ಟಿ, ಆದರೆ ಭಾರ ಹೆಚ್ಚು, ಗಡಸು ಹೆಚ್ಚು. ಅದೇ ಭಾರ ಹೊರಲು ಅವಕ್ಕೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಬಾಗಿಲ ಪಟ್ಟಿಯಲ್ಲಿರುವ ಗಾಳಿಯನ್ನೇ ತುಂಬಿ ಭಾರ ಹೇರಿದರೆ ಟೈರ್ ಕಾಯುತ್ತದೆ. ಎಲ್‌ಟಿ ತೆಗೆದುಕೊಳ್ಳುವುದಾದರೆ ಆ ಕಂಪನಿಯ ಭಾರ-ಗಾಳಿ ಕೋಷ್ಟಕವನ್ನು ಅಂಗಡಿಯವರಿಂದ ಕೇಳಿ ಪಡೆಯಿರಿ. ಡಾಂಬರಿನ ಗಾಡಿಗೆ ಎಲ್‌ಟಿ ಅಲ್ಲದ ಎ/ಟಿ ಸಿಕ್ಕರೆ ಅದೇ ಒಳ್ಳೆಯದು.

ಹಂತ 6: ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಿ

ಹೆಸರು ನೋಡಿ ಕೊಳ್ಳಬೇಡಿ. ಯೊಕೊಹಾಮಾದ ಜಿಯೊಲ್ಯಾಂಡರ್ ಎಂಬ ಒಂದೇ ಹೆಸರಿನಲ್ಲಿ ಎಚ್/ಟಿಯೂ ಇದೆ, ಎ/ಟಿಯೂ ಇದೆ, ಎಂ/ಟಿಯೂ ಇದೆ. ಅಪೋಲೊದ ಆಪ್ಟೆರಾದಲ್ಲಿ ಎಚ್‌ಟಿ ಮತ್ತು ಎಟಿ ಎರಡೂ ಇವೆ. ಹೆಸರಿನ ಪಕ್ಕದ ಅಕ್ಷರಗಳನ್ನು ಓದಿ.

ಎ/ಟಿ ಎಂಬುದಕ್ಕೂ ಒಂದೇ ಅಳತೆಗೋಲು ಇಲ್ಲ. ಕೆಲವು ಎ/ಟಿಗಳು ಹೈವೇ ಟೈರಿನ ತಮ್ಮನಂತೆ ಇರುತ್ತವೆ, ಕೆಲವು ಎಂ/ಟಿಗೆ ಹತ್ತಿರ. ಟೈರನ್ನು ನೆಲದ ಮೇಲೆ ನಿಲ್ಲಿಸಿ ನಡುಭಾಗ ನೋಡಿ. ಅಲ್ಲಿ ಬ್ಲಾಕ್‌ಗಳು ಒಂದಕ್ಕೊಂದು ಒತ್ತಾಗಿ, ರಬ್ಬರ್ ಸೇತುವೆಗಳಿಂದ ಬುಡದಲ್ಲಿ ಕೂಡಿಕೊಂಡಿದ್ದರೆ ಅದು ರಸ್ತೆಯ ಕಡೆಗೆ ವಾಲಿದ್ದು. ಭುಜದ ಸಂದಿಗೆ ಬೆರಳು ಹಾಕಿ. ಕಿರುಬೆರಳು ಮಾತ್ರ ಹಿಡಿಸಿದರೆ ರಸ್ತೆಗೆ ಸರಿ, ಹೆಬ್ಬೆರಳು ಸಲೀಸಾಗಿ ಇಳಿದರೆ ಅದು ಕೆಸರಿನ ಕಡೆಯದು. ಆಮೇಲೆ ಪ್ರತಿ ಬ್ಲಾಕ್‌ನ ಮೇಲೂ ಸೈಪ್ ಸೀಳುಗಳಿವೆಯೇ, ಅವು ಮೇಲ್ಮೈಯಲ್ಲಿ ಗೀರಿದಂತಿವೆಯೇ ಅಥವಾ ಕೆಳಗಿನವರೆಗೆ ಇಳಿದಿವೆಯೇ ನೋಡಿ. ಮೇಲೆ ಮಾತ್ರ ಇರುವ ಸೀಳುಗಳು ಟೈರ್ ಅರ್ಧ ಸವೆಯುವ ಮುನ್ನವೇ ಮಾಯವಾಗುತ್ತವೆ. ಅಲ್ಲಿಗೆ ಒದ್ದೆ ರಸ್ತೆಯ ಹಿಡಿತವೂ ಹೋಗುತ್ತದೆ.

ತಯಾರಾದ ದಿನಾಂಕವನ್ನು ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಗಳಲ್ಲಿ ಅಚ್ಚೊತ್ತಿರುತ್ತಾರೆ. 2324 ಎಂದಿದ್ದರೆ 2024ರ 23ನೇ ವಾರ. ಪಿಕಪ್ ಅಳತೆಯ ಎ/ಟಿ ಮತ್ತು ಎಂ/ಟಿ ನಿಧಾನವಾಗಿ ಮಾರಾಟವಾಗುವ ಸರಕಾದ್ದರಿಂದ ಹಳೆಯ ದಾಸ್ತಾನು ಇರುವ ಸಾಧ್ಯತೆ ಹೆಚ್ಚು. ನಾಲ್ಕೂ ಟೈರ್‌ಗಳ ಅಂಕಿ ನೋಡಿ. ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಬೇರೆ ಕೇಳಿ.

ಹಂತ 7: ನಾಲ್ಕೂ ಒಂದೇ ಬಗೆ ಹಾಕಿಸಿ

ಹಣ ಉಳಿಸಲು ಹಿಂದೆ ಮಾತ್ರ ಎ/ಟಿ ಅಥವಾ ಎಂ/ಟಿ ಹಾಕಿಸುವ ಪದ್ಧತಿ ನಮ್ಮಲ್ಲಿದೆ. ಮುಂದೆ ಒದ್ದೆ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವ ಎಚ್/ಟಿ, ಹಿಂದೆ ಜಾರುವ ಎಂ/ಟಿ ಎಂದಾದರೆ ಹಂತ 4ರಲ್ಲಿ ಹೇಳಿದ ಬಾಲದ ಜಾರಿಕೆಯನ್ನು ನಾವೇ ದುಡ್ಡು ಕೊಟ್ಟು ತಂದಂತಾಗುತ್ತದೆ. ದಯವಿಟ್ಟು ಮಾಡಬೇಡಿ.

ನಾಲ್ಕು ಚಕ್ರ ಚಾಲನೆಯ ಗಾಡಿಗೆ ಇನ್ನೊಂದು ಕಾರಣವೂ ಇದೆ. ವಿ-ಕ್ರಾಸ್, ಹೈಲಕ್ಸ್‌ಗಳಲ್ಲಿ 4ಎಚ್‌ಗೆ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂತೆ, ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ ಹಿಂದೆ ಟೈರಿನ ವ್ಯಾಸ ಬೇರೆಯಾಗಿದ್ದರೆ ಆ ವ್ಯತ್ಯಾಸವೆಲ್ಲ ಗೇರ್‌ಗಳ ಮೇಲೆ ಒತ್ತಡವಾಗಿ ಬೀಳುತ್ತದೆ. ಒಣ ಡಾಂಬರಿನಲ್ಲಿ 4ಎಚ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ, ಟೈರ್ ಯಾವುದೇ ಇರಲಿ. ಸ್ಟೆಪ್ನಿಯ ಅಳತೆಯೂ ಹೊಸ ಟೈರ್‌ಗಳ ಅಳತೆಯೇ ಆಗಿರಲಿ.

ಹಾಕಿಸುವಾಗಲೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ. ಎ/ಟಿಗೆ ಬ್ಯಾಲೆನ್ಸಿಂಗ್ ತೂಕ ಸ್ವಲ್ಪ ಹೆಚ್ಚು ಹಿಡಿದರೆ ಗಾಬರಿ ಬೇಡ. ಚಕ್ರದ ನಟ್‌ಗಳನ್ನು 50-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು. ಮೊದಲ ಕೆಲವು ನೂರು ಕಿ.ಮೀ. ಹೊಸ ರಬ್ಬರಿನ ಮೇಲ್ಪದರ ನುಣುಪಾಗಿರುವುದರಿಂದ ಮಳೆಯಲ್ಲಿ ಎದುರಿನ ಗಾಡಿಯಿಂದ ದೂರ ಕಾಯ್ದುಕೊಳ್ಳಿ.

ಹಂತ 8: ಹಾಕಿಸಿದ ಮೇಲಿನ ಪಾಲನೆ

ಎ/ಟಿ ಹಾಕಿಸಿದವರು ಟೈರ್ ಅದಲುಬದಲು, ಅಂದರೆ ಮುಂದಿನವನ್ನು ಹಿಂದಕ್ಕೆ ಹಿಂದಿನವನ್ನು ಮುಂದಕ್ಕೆ ಹಾಕುವುದನ್ನು, 8,000 ಕಿ.ಮೀ.ಗೆ ಒಮ್ಮೆ ತಪ್ಪದೆ ಮಾಡಬೇಕು. ಬಿಡಿ ಬ್ಲಾಕ್‌ಗಳು ಡಾಂಬರಿನಲ್ಲಿ ಓಡುವಾಗ ಒಂದು ಅಂಚಿನಲ್ಲಿ ಹೆಚ್ಚು, ಇನ್ನೊಂದು ಅಂಚಿನಲ್ಲಿ ಕಡಿಮೆ ಸವೆಯುತ್ತವೆ. ಇದನ್ನು ಪತ್ತೆ ಮಾಡಲು ಯಂತ್ರ ಬೇಡ. ಗಾಡಿ ನಿಲ್ಲಿಸಿ, ಟೈರ್ ತಣ್ಣಗಾದ ಮೇಲೆ, ಭುಜದ ಬ್ಲಾಕ್‌ಗಳ ಮೇಲೆ ಅಂಗೈಯನ್ನು ಟೈರ್ ತಿರುಗುವ ದಿಕ್ಕಿಗೆ ಒಮ್ಮೆ, ವಿರುದ್ಧ ದಿಕ್ಕಿಗೆ ಒಮ್ಮೆ ಸವರಿ. ಒಂದು ದಿಕ್ಕಿನಲ್ಲಿ ನುಣ್ಣಗೆ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಡೆದರೆ ಸವೆತ ಶುರುವಾಗಿದೆ ಎಂದರ್ಥ. ಆಗಲೇ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಬಿಟ್ಟರೆ ಸದ್ದು ಹೆಚ್ಚುತ್ತಾ ಹೋಗುತ್ತದೆ. ವೀಲ್ ಬೇರಿಂಗ್ ಹೋಗಿದೆ ಎಂದು ತಪ್ಪು ತಿಳಿದು ಬೇರಿಂಗ್ ಬದಲಿಸಿದವರು ಇದ್ದಾರೆ. ಸದ್ದು ರಸ್ತೆಯ ಮೇಲ್ಮೈ ಬದಲಾದಂತೆ ಬದಲಾಗುತ್ತಿದ್ದರೆ ಅದು ಬಹುಪಾಲು ಟೈರಿನದ್ದು. ರಸ್ತೆ ಯಾವುದಾದರೂ ಒಂದೇ ಸಮ ಇದ್ದು, ಗಾಡಿ ಎಡಕ್ಕೋ ಬಲಕ್ಕೋ ವಾಲಿದಾಗ ಹೆಚ್ಚು ಕಡಿಮೆಯಾಗುತ್ತಿದ್ದರೆ ಬೇರಿಂಗ್ ಪರೀಕ್ಷಿಸಿ.

ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿ. ಬಾಗಿಲ ಪಟ್ಟಿಯಲ್ಲಿ ಖಾಲಿ ಗಾಡಿಗೆ ಮತ್ತು ಪೂರ್ತಿ ಭಾರಕ್ಕೆ ಬೇರೆ ಬೇರೆ ಅಂಕಿ ಇದ್ದರೆ ಎರಡನ್ನೂ ಪಾಲಿಸಿ. ಪೂರ್ತಿ ಭಾರದ ಗಾಳಿಯಲ್ಲೇ ಖಾಲಿ ಓಡಾಡುತ್ತಿದ್ದರೆ ಹಿಂದಿನ ಟೈರ್‌ಗಳ ನಡುಭಾಗ ಮಾತ್ರ ಸವೆದು, ಒದ್ದೆ ರಸ್ತೆಯಲ್ಲಿ ಹಿಂಬದಿ ಮತ್ತಷ್ಟು ಜಾರುತ್ತದೆ.

ಟ್ರೆಡ್ 1.6 ಮಿ.ಮೀ. ತಲುಪಿದಾಗ ಕಾಲುವೆಗಳ ತಳದಲ್ಲಿರುವ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮವಾಗುತ್ತವೆ, ಅದು ಕಾನೂನಿನ ಮಿತಿ. ಘಟ್ಟ ಮತ್ತು ಮಲೆನಾಡಿನ ಮಳೆಯಲ್ಲಿ ಓಡುವ ಪಿಕಪ್‌ಗೆ ನಾನು ಅಲ್ಲಿಯವರೆಗೆ ಕಾಯಬೇಡಿ ಎನ್ನುತ್ತೇನೆ. ಮೇ ತಿಂಗಳಲ್ಲಿ ಅಳೆದಾಗ 3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಜೂನ್ ಮಳೆಗೆ ಮುನ್ನ ಬದಲಿಸಿ. ಒಮ್ಮೆಗೆ ಎರಡೇ ಟೈರ್ ಕೊಳ್ಳುವ ಅನಿವಾರ್ಯ ಬಂದರೆ, ಅದೇ ಅಳತೆಯ, ಅದೇ ಅಚ್ಚಿನ ಹೊಸ ಜೋಡಿಯನ್ನು ಹಿಂದೆ ಹಾಕಿಸಿ, ಉಳಿದ ಹಳೆಯ ಜೋಡಿ ಮುಂದಕ್ಕೆ ಬರಲಿ. ಹೊಸದು ಮುಂದೆ ಇರಲಿ ಎಂದು ಅಂಗಡಿಯಲ್ಲಿ ಒತ್ತಾಯ ಮಾಡಿದರೂ ಒಪ್ಪಬೇಡಿ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಸರಿಪಡಿಸಿಕೊಳ್ಳುವ ಅವಕಾಶವಿದೆ. ಹಿಂದಿನದು ಜಾರಿದರೆ ಗಾಡಿಯೇ ಅಡ್ಡ ತಿರುಗುತ್ತದೆ. ಹೀಗೆ ಎರಡು ಹಳೆ, ಎರಡು ಹೊಸ ಟೈರ್ ಇರುವಷ್ಟು ಕಾಲ 4ಎಚ್ ಮತ್ತು ಅದರ ನಿಧಾನದ ಗೇರ್ ಆದ 4ಎಲ್ ಬಳಕೆಯನ್ನು ಜಾರುವ ನೆಲಕ್ಕೆ ಮಾತ್ರ, ಸ್ವಲ್ಪ ದೂರಕ್ಕೆ ಮಾತ್ರ ಇಟ್ಟುಕೊಳ್ಳಿ.